ಗಲ್ಲ ದೊಡ್ಡದು, ಹಣೆ ಚಿಕ್ಕದು: ಕೆಳಗಿನಿಂದ ತೆಗೆದ ಒಂದು ಸೆಲ್ಫಿಯ ಲೆಕ್ಕ

ನನ್ನ ಅಮ್ಮಿಯ ತಂದೆಯನ್ನು ನಾವು ನಾನಾಜಾನ್ ಎಂದು ಕರೆಯುತ್ತೇವೆ. ಅವರು ಕಳೆದ ವರ್ಷ ಉಮ್ರಾಕ್ಕೆ ಹೋಗಿದ್ದಾಗ ಮಕ್ಕಾದಿಂದ ಒಂದೇ ಒಂದು ಸೆಲ್ಫಿ ಕಳುಹಿಸಿದ್ದರು. ಹರಮ್‌ನ ಹೊರಗಿನ ಅಂಗಳದಲ್ಲಿ ನಿಂತು, ಹಿಂದೆ ದೊಡ್ಡ ಗಡಿಯಾರದ ಗೋಪುರ ಕಾಣುವಂತೆ ಅವರೇ ತೆಗೆದುಕೊಂಡದ್ದು. ಗೋಪುರ ಪೂರ್ತಿ ಬಂದಿದೆ. ಆದರೆ ನಾನಾಜಾನ್ ಅವರ ಗಡ್ಡ ಮತ್ತು ಗಲ್ಲ ಫೋಟೋದ ಕೆಳಭಾಗವನ್ನೆಲ್ಲ ತುಂಬಿಕೊಂಡಿವೆ, ಮೂಗಿನ ಹೊಳ್ಳೆಗಳು ಎದ್ದು ಕಾಣುತ್ತಿವೆ, ಹಣೆ ಮಾತ್ರ ಟೋಪಿಯ ಕೆಳಗೆ ಒಂದು ಪಟ್ಟಿಯಷ್ಟಿದೆ. ಊರಿಗೆ ಬಂದ ಮೇಲೆ ಅದನ್ನು ನೋಡಿ ಅವರು 'ಯೇ ಮೈ ನೈಂ' ಎಂದರು. ಇದು ನಾನಲ್ಲ ಎಂದು ಅರ್ಥ. ನೆಂಟರು ಬಂದಾಗ ಉಳಿದ ಫೋಟೋಗಳನ್ನೆಲ್ಲ ತೋರಿಸುತ್ತಿದ್ದರು, ಇದನ್ನು ಮಾತ್ರ ಬೆರಳಿನಿಂದ ಸರ್ರನೆ ಸರಿಸಿಬಿಡುತ್ತಿದ್ದರು. ಮತ್ತೆ ಹೋಗಿ ತೆಗೆಸಿಕೊಂಡು ಬರುವ ಫೋಟೋ ಅಲ್ಲ ಅದು. ಆದ್ದರಿಂದ ಸರಿಪಡಿಸಲು ಸಾಧ್ಯವೇ ಎಂದು ನಾನು ಕುಳಿತೆ. ಮೂರು ರಾತ್ರಿ ಹಿಡಿಯಿತು. ಅದರಲ್ಲಿ ಎರಡು ರಾತ್ರಿ ತಪ್ಪು ದಾರಿಯಲ್ಲೇ ಹೋದವು.

ಮೊದಲಿಗೆ ಕಾರಣ ತಿಳಿಯಬೇಕು. ಕಾರಣ ತಿಳಿಯದೆ ಆ್ಯಪ್ ತೆರೆದದ್ದೇ ನನ್ನ ಮೊದಲ ತಪ್ಪು. ಕ್ಯಾಮೆರಾದಲ್ಲಿ ಒಂದು ವಸ್ತು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಅದು ಎಷ್ಟು ದೂರದಲ್ಲಿದೆ ಎಂಬುದರ ಮೇಲೆ ನಿಂತಿದೆ. ದೂರ ಎರಡರಷ್ಟಾದರೆ ಅಳತೆ ಅರ್ಧವಾಗುತ್ತದೆ. ಇಡೀ ಮುಖ ಲೆನ್ಸಿನಿಂದ ಒಂದೇ ದೂರದಲ್ಲಿದ್ದರೆ ತೊಂದರೆ ಇಲ್ಲ. ಆದರೆ ಮೊಬೈಲನ್ನು ಎದೆಯ ಬಳಿ ಹಿಡಿದಾಗ ಗಲ್ಲ ಹತ್ತಿರವಾಗುತ್ತದೆ, ಹಣೆ ದೂರವಾಗುತ್ತದೆ.

ಎಷ್ಟು ಹತ್ತಿರ, ಎಷ್ಟು ದೂರ? ನಾನಾಜಾನ್ ಅವರನ್ನು ಅಂಗಳದಲ್ಲಿ ನಿಲ್ಲಿಸಿ, ಮಕ್ಕಾದಲ್ಲಿ ಹಿಡಿದ ಹಾಗೆಯೇ ಮೊಬೈಲ್ ಹಿಡಿಯಿರಿ ಎಂದೆ. ಅಮ್ಮಿಯ ಹೊಲಿಗೆಯ ಟೇಪಿನಿಂದ ಅಳೆದೆ. ಲೆನ್ಸಿನಿಂದ ಬಾಯಿಯ ಮಟ್ಟದ ದವಡೆಗೆ 26 ಸೆಂಟಿಮೀಟರ್, ಹುಬ್ಬಿನ ಪಕ್ಕದ ಕಪೋಲಕ್ಕೆ 32 ಸೆಂಟಿಮೀಟರ್. ನೋಡಲು ಕೇವಲ 6 ಸೆಂಟಿಮೀಟರ್ ವ್ಯತ್ಯಾಸ. ಆದರೆ 32ನ್ನು 26ರಿಂದ ಭಾಗಿಸಿದರೆ 1.23. ಅಂದರೆ ದವಡೆಯ ಒಂದು ಸೆಂಟಿಮೀಟರ್, ಹಣೆಯ ಒಂದು ಸೆಂಟಿಮೀಟರಿಗಿಂತ ಸುಮಾರು ಕಾಲು ಭಾಗ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಅದೇ ಕೋನದಲ್ಲಿ ಮೊಬೈಲ್ ಒಂದೂವರೆ ಮೀಟರ್ ದೂರದಲ್ಲಿದ್ದಿದ್ದರೆ? ವ್ಯತ್ಯಾಸ ಅದೇ 6 ಸೆಂಟಿಮೀಟರ್, ಆದರೆ 156 ಭಾಗಿಸು 150 ಎಂದರೆ 1.04 ಮಾತ್ರ. ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ. ದೋಷ ಇರುವುದು ಆ 6 ಸೆಂಟಿಮೀಟರಿನಲ್ಲಿ ಅಲ್ಲ, 26ರಲ್ಲಿ. ನಾವು ಕಾಮರ್ಸ್‌ನವರು ಇದನ್ನು ಬೇಗ ಹಿಡಿಯಬಹುದು. ಆರು ಸಾವಿರ ರೂಪಾಯಿ ನಷ್ಟ ದೊಡ್ಡದೋ ಚಿಕ್ಕದೋ ಎಂಬುದು ಬಂಡವಾಳ ಎಷ್ಟು ಎಂಬುದರ ಮೇಲೆ ಹೋಗುತ್ತದಲ್ಲವೇ?

ಇದು ಮೂಗಿಗೂ ಅನ್ವಯಿಸುತ್ತದೆ. 2018ರಲ್ಲಿ ಅಮೆರಿಕದ ರಟ್ಗರ್ಸ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು ಇದೇ ರೀತಿಯ ಲೆಕ್ಕ ಮಾಡಿ ಪ್ರಕಟಿಸಿದ್ದರು. 5 ಅಡಿ ದೂರದ ಫೋಟೋಗೆ ಹೋಲಿಸಿದರೆ 12 ಇಂಚು ದೂರದ ಸೆಲ್ಫಿಯಲ್ಲಿ ಮೂಗಿನ ಬುಡ ಸುಮಾರು 30 ಶೇಕಡಾ ಅಗಲವಾಗಿ ಕಾಣುತ್ತದೆ ಎಂಬುದು ಅವರ ಉತ್ತರ. ಸೆಲ್ಫಿ ನೋಡಿ ಮೂಗಿನ ಶಸ್ತ್ರಚಿಕಿತ್ಸೆ ಕೇಳಿಕೊಂಡು ಬರುವವರಿಗಾಗಿ ಆ ಲೆಕ್ಕ. ಅದು ನೇರ ಎದುರಿನಿಂದ ತೆಗೆದ ಸೆಲ್ಫಿಯ ಮಾತು. ಕೆಳಗಿನಿಂದ ತೆಗೆದರೆ ಮೂಗಿನ ಜೊತೆಗೆ ಗಲ್ಲವೂ ಸೇರುತ್ತದೆ.

ನಾನಾಜಾನ್ ಅವರ ಫೋಟೋದಲ್ಲಿ ಇನ್ನೂ ಎರಡು ಸಂಗತಿಗಳು ಸೇರಿದ್ದವು. ಒಂದು, ಗೋಪುರ. ಅದರ ಎತ್ತರ 601 ಮೀಟರ್. ಅಷ್ಟು ಎತ್ತರದ ಕಟ್ಟಡವನ್ನು ಹತ್ತಿರದಿಂದ ಫೋಟೋದೊಳಗೆ ತರಬೇಕಾದರೆ ಮೊಬೈಲನ್ನು ಕೆಳಗೆ ಹಿಡಿದು ಆಕಾಶದ ಕಡೆಗೆ ಓರೆ ಮಾಡಲೇಬೇಕು. ಆಗ ಮುಖ ಫೋಟೋದ ಕೆಳ ಅಂಚಿಗೆ ಬಂದು ಕೂರುತ್ತದೆ. ಮೊಬೈಲಿನ ಮುಂದಿನ ಕ್ಯಾಮೆರಾ ಅಗಲ ನೋಟದ್ದು, ಅಂಚಿಗೆ ಬಂದದ್ದನ್ನೆಲ್ಲ ಹೊರಕ್ಕೆ ಎಳೆಯುತ್ತದೆ. ಗ್ರೂಪ್ ಸೆಲ್ಫಿಯಲ್ಲಿ ತುದಿಯಲ್ಲಿ ನಿಂತವರ ಮುಖ ಅಗಲವಾಗುವುದು ಇದರಿಂದಲೇ. ಇಲ್ಲಿ ತುದಿಯಲ್ಲಿದ್ದದ್ದು ಗಲ್ಲ.

ಎರಡನೆಯದು ನನಗೆ ಅಳೆಯುವಾಗಲಷ್ಟೇ ಹೊಳೆಯಿತು. ನಾನಾಜಾನ್ ಬೈಫೋಕಲ್ ಕನ್ನಡಕ ಹಾಕುತ್ತಾರೆ. ಹತ್ತಿರದ್ದನ್ನು ನೋಡುವ ಭಾಗ ಆ ಗಾಜಿನ ಕೆಳಗಡೆ ಇರುತ್ತದೆ. ಮೊಬೈಲಿನ ತೆರೆ ಸ್ಪಷ್ಟವಾಗಿ ಕಾಣಬೇಕಾದರೆ ಅವರು ಗಲ್ಲ ಮೇಲೆತ್ತಿ ಗಾಜಿನ ಕೆಳಭಾಗದಿಂದ ನೋಡಬೇಕು. ನಾವು ಮೊಬೈಲ್ ಕೆಳಗೆ ಹಿಡಿದರೂ ತಲೆ ತಗ್ಗಿಸಿ ನೋಡುತ್ತೇವೆ, ಹಣೆ ತಾನಾಗಿಯೇ ಮುಂದಕ್ಕೆ ಬರುತ್ತದೆ. ಅವರ ಹಣೆ ಹಿಂದಕ್ಕೆ ಹೋಗುತ್ತದೆ. ಮನೆಯ ಹಿರಿಯರ ಸೆಲ್ಫಿಗಳೆಲ್ಲ ಒಂದೇ ರೀತಿ ಯಾಕಿರುತ್ತವೆ ಎಂದು ನಗುತ್ತಿದ್ದೆವಲ್ಲ, ಅದರ ಕಾರಣ ಹಲವರ ವಿಷಯದಲ್ಲಿ ಕನ್ನಡಕವೇ.

ಇನ್ನು ಸರಿಪಡಿಸುವ ಕೆಲಸ. ಕಣ್ಣಳತೆಯಲ್ಲಿ ಮಾಡಿದರೆ ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯುವುದಿಲ್ಲ, ಒಂದು ಗುರಿ ಬೇಕು. ಅದಕ್ಕೆ ಅವರ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆದುಕೊಂಡೆ. ಸ್ಟುಡಿಯೋದವರು ದೂರದಲ್ಲಿ ನಿಂತು, ಕ್ಯಾಮೆರಾವನ್ನು ಕಣ್ಣಿನ ಮಟ್ಟದಲ್ಲಿಟ್ಟು ತೆಗೆದಿರುವುದರಿಂದ ಅದರಲ್ಲಿ ಈ ದೋಷ ಇಲ್ಲವೆನ್ನುವಷ್ಟು ಕಡಿಮೆ. ಹಣೆಯ ಎತ್ತರವನ್ನು ಅಳೆಯಲು ಹೋಗಲಿಲ್ಲ. ಉಮ್ರಾ ಮುಗಿಸಿ ತಲೆ ಬೋಳಿಸಿದ್ದರು, ಮೇಲೆ ಟೋಪಿ ಬೇರೆ, ಹಣೆ ಎಲ್ಲಿ ಮುಗಿಯುತ್ತದೆ ಎಂದು ಹೇಳುವಂತಿರಲಿಲ್ಲ. ಅದರ ಬದಲು ಎರಡು ಅಗಲಗಳನ್ನು ಅಳೆದೆ. ಹುಬ್ಬಿನ ಮಟ್ಟದಲ್ಲಿ ಮುಖದ ಅಗಲ, ಬಾಯಿಯ ಮಟ್ಟದಲ್ಲಿ ಗಡ್ಡ ಸೇರಿ ಮುಖದ ಅಗಲ. ಗಡ್ಡದ ಉದ್ದ ಎರಡು ಫೋಟೋಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು, ಇಲ್ಲದಿದ್ದರೆ ಈ ಅಳತೆ ನಡೆಯುತ್ತಿರಲಿಲ್ಲ.

ಸ್ಟುಡಿಯೋ ಫೋಟೋದಲ್ಲಿ ಮೇಲಿನದು 24 ಮಿಲಿಮೀಟರ್, ಕೆಳಗಿನದು 20. ಅನುಪಾತ 1.2. ಸೆಲ್ಫಿಯನ್ನು ಲ್ಯಾಪ್‌ಟಾಪಿನ ತೆರೆಯ ಮೇಲೆ ಅಳೆದರೆ ಮೇಲಿನದು 60, ಕೆಳಗಿನದು 62. ಅನುಪಾತ 0.97. ಟೇಪಿನ ಲೆಕ್ಕದಿಂದ ಬರಬೇಕಾಗಿದ್ದದ್ದು 1.2 ಭಾಗಿಸು 1.23, ಅಂದರೆ 0.98. ಅಂಗಳದಲ್ಲಿ ಹೊಲಿಗೆಯ ಟೇಪಿನಿಂದ ಅಳೆದ ಲೆಕ್ಕ ಮಕ್ಕಾದ ಫೋಟೋಗೆ ಇಷ್ಟು ಹತ್ತಿರ ಬಂದಾಗ ನನಗೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾದಷ್ಟು ಖುಷಿಯಾಯಿತು.

ಮೊದಲ ಪ್ರಯತ್ನ ಮೊಬೈಲಿನಲ್ಲೇ, ಸ್ನ್ಯಾಪ್‌ಸೀಡ್ ಆ್ಯಪಿನಲ್ಲಿ. ವಾಟ್ಸ್‌ಆ್ಯಪಿನಲ್ಲಿ ಬಂದ ಫೋಟೋ ಕುಗ್ಗಿರುತ್ತದೆ, ಆದ್ದರಿಂದ ಮೂಲ ಫೋಟೋವನ್ನು ಅವರ ಮೊಬೈಲಿನಿಂದ ಡಾಕ್ಯುಮೆಂಟ್ ಆಗಿ ಕಳುಹಿಸಿಕೊಂಡೆ. ಆ್ಯಪಿನಲ್ಲಿ Perspective ಎಂಬ ಸಾಧನವಿದೆ, ಅದರೊಳಗೆ Tilt. ಬೆರಳನ್ನು ಮೇಲೆ ಕೆಳಗೆ ಎಳೆದಂತೆ ಫೋಟೋ ಒಂದು ಬಾಗಿಲಿನ ಹಾಗೆ ಹಿಂದೆ ಮುಂದೆ ವಾಲುತ್ತದೆ. ಒಂದು ಕಡೆ ಎಳೆದರೆ ಮೇಲ್ಭಾಗ ಅಗಲವಾಗಿ ಕೆಳಭಾಗ ಕಿರಿದಾಗುತ್ತದೆ. ನಮಗೆ ಬೇಕಾದದ್ದು ಅದು. ಕ್ರಾಪ್ ಮಾಡುವುದಿದ್ದರೆ ಇದಾದ ಮೇಲೆ ಮಾಡಬೇಕು, ಮೊದಲು ಮಾಡಬಾರದು. ಆ ಸಾಧನ ಫೋಟೋದ ಮಧ್ಯವನ್ನೇ ಕ್ಯಾಮೆರಾ ನೋಡುತ್ತಿದ್ದ ಜಾಗವೆಂದು ನಂಬಿ ತಿರುಗಿಸುತ್ತದೆ. ಮೊದಲೇ ಒಂದು ಬದಿ ಕತ್ತರಿಸಿದರೆ ಮಧ್ಯ ಬದಲಾಗುತ್ತದೆ, ತಿದ್ದುಪಡಿಯೂ ಓರೆಯಾಗುತ್ತದೆ.

ಎಲ್ಲಿಯವರೆಗೆ ಎಳೆಯಬೇಕು? ಗೋಪುರವನ್ನೇ ಗುರುತಾಗಿ ಇಟ್ಟುಕೊಂಡೆ. ಸೆಲ್ಫಿಯಲ್ಲಿ ಅದರ ಎರಡು ಬದಿಗಳು ಮೇಲೆ ಹೋದಂತೆ ಒಂದನ್ನೊಂದು ಕೂಡುವಂತೆ ವಾಲಿದ್ದವು. ಅವು ನೇರವಾಗಿ ನಿಲ್ಲುವವರೆಗೆ ಎಳೆದೆ. ಮನೆಯೊಳಗಿನ ಫೋಟೋ ಆದರೆ ಬಾಗಿಲಿನ ಚೌಕಟ್ಟು ಈ ಕೆಲಸಕ್ಕೆ ಸಾಕು. ಆಗ ಮುಖದ ಅನುಪಾತ 0.97ರಿಂದ 1.06ಕ್ಕೆ ಬಂತು. ಅರ್ಧ ದಾರಿಯೂ ಆಗಲಿಲ್ಲ! ಗೋಪುರ ನೇರವಾಗಿದೆ, ಮುಖ ಇನ್ನೂ ತಪ್ಪಾಗಿದೆ. ಅದೇ ಸಾಧನದಲ್ಲಿ ಇನ್ನಷ್ಟು ಎಳೆದೆ. ಮುಖ 1.2 ತಲುಪುವ ಹೊತ್ತಿಗೆ ಗೋಪುರ ಮೇಲ್ಗಡೆ ಅಗಲವಾಗಿ, ಪೊರಕೆಯನ್ನು ತಲೆಕೆಳಗಾಗಿ ನಿಲ್ಲಿಸಿದಂತೆ ಕಂಡಿತು. ಫೋಟೋದ ಕೆಳಮೂಲೆಗಳಲ್ಲಿ ಖಾಲಿಯಾದ ಜಾಗವನ್ನು ಆ್ಯಪ್ ತಾನೇ ತುಂಬಿಸಲು ಹೋಗಿ, ಪಕ್ಕದಲ್ಲಿದ್ದ ಯಾರೋ ಹಾಜಿಯೊಬ್ಬರ ಅರ್ಧ ಭುಜವನ್ನು ಎರಡು ಸಲ ಅಂಟಿಸಿತ್ತು.

ಎರಡನೇ ರಾತ್ರಿ ಪೂರ್ತಿ ಇದರ ಜೊತೆ ಗುದ್ದಾಡಿದೆ. ಕಾರಣ ಕೊನೆಗೆ ಕನ್ನಡಕದಲ್ಲೇ ಸಿಕ್ಕಿತು. ಈ ಸಾಧನ ಫೋಟೋದಲ್ಲಿರುವುದನ್ನೆಲ್ಲ ಗೋಡೆಗೆ ಅಂಟಿಸಿದ ಒಂದು ಕಾಗದ ಎಂದು ತಿಳಿಯುತ್ತದೆ. ಗೋಪುರ ನೆಟ್ಟಗೆ ನಿಂತ ಕಾಗದ. ನಾನಾಜಾನ್ ಗಲ್ಲ ಎತ್ತಿದ್ದರಿಂದ ಅವರ ಮುಖ ಹಿಂದಕ್ಕೆ ವಾಲಿದ ಕಾಗದ. ಒಂದೇ ಎಳೆತ ಎರಡಕ್ಕೂ ಸರಿಹೋಗಲು ಸಾಧ್ಯವೇ ಇಲ್ಲ. ತಲೆ ನೆಟ್ಟಗಿಟ್ಟು ತೆಗೆದ ಸೆಲ್ಫಿಯಾದರೆ ಬಾಗಿಲಿನ ಚೌಕಟ್ಟು ನೇರವಾದಾಗ ಮುಖವೂ ಬಹುಮಟ್ಟಿಗೆ ಸರಿಯಾಗುತ್ತದೆ. ಅಂಥ ಫೋಟೋಗೆ ಮೊಬೈಲ್ ಆ್ಯಪ್ ಸಾಕು, ಮುಂದಿನ ಕಷ್ಟ ಬೇಡ. ಗಲ್ಲ ಎತ್ತಿದ ಫೋಟೋ ಆದರೆ ಮುಖವನ್ನು ಬೇರೆಯಾಗಿ, ಹಿನ್ನೆಲೆಯನ್ನು ಬೇರೆಯಾಗಿ ತಿದ್ದಬೇಕು.

ಮೂರನೇ ರಾತ್ರಿ ಮಾಮೂ ಅವರ ಲ್ಯಾಪ್‌ಟಾಪಿನಲ್ಲಿ ಗಿಂಪ್ ಹಾಕಿಕೊಂಡೆ. ಅದು ಉಚಿತ. ಗೋಪುರ ನೇರವಾದ ಫೋಟೋವನ್ನೇ ತೆರೆದು, ಲೇಯರನ್ನು ನಕಲು ಮಾಡಿದೆ. ಈಗ ಒಂದರ ಮೇಲೊಂದು ಎರಡು ಒಂದೇ ರೀತಿಯ ಫೋಟೋಗಳಿವೆ. ಮೇಲಿನ ಲೇಯರ್ ಆರಿಸಿ Shift+P ಒತ್ತಿದರೆ ಅಲ್ಲಿಯ Perspective ಸಾಧನ ಬರುತ್ತದೆ, ಫೋಟೋದ ನಾಲ್ಕು ಮೂಲೆಗಳಲ್ಲಿ ಹಿಡಿಕೆಗಳು ಕಾಣುತ್ತವೆ. ಮೇಲಿನ ಎರಡನ್ನು ಹೊರಕ್ಕೆ, ಕೆಳಗಿನ ಎರಡನ್ನು ಸ್ವಲ್ಪ ಒಳಕ್ಕೆ ಎಳೆದು Transform ಒತ್ತಿದೆ. ಆ ಲೇಯರಿನಲ್ಲಿ ಗೋಪುರ ಮತ್ತೆ ಪೊರಕೆಯಾಯಿತು, ಆದರೆ ಅದು ನಮಗೆ ಬೇಡ, ಮುಖ ಮಾತ್ರ ಬೇಕು. ಕಣ್ಣುಗಳು ಎರಡೂ ಲೇಯರುಗಳಲ್ಲಿ ಒಂದೇ ಜಾಗದಲ್ಲಿ ಬರುವಂತೆ ಮೇಲಿನದನ್ನು ಸರಿಸಿದೆ. ನಂತರ ಆ ಲೇಯರಿಗೆ ಕಪ್ಪು ಮಾಸ್ಕ್ ಸೇರಿಸಿದರೆ ಅದು ಪೂರ್ತಿ ಮರೆಯಾಗುತ್ತದೆ. ಮೆತ್ತನೆಯ ಅಂಚಿನ ಬ್ರಷ್ ತೆಗೆದುಕೊಂಡು ಬಿಳಿ ಬಣ್ಣದಿಂದ ಮುಖದ ಮೇಲೆ ಬಳಿದಷ್ಟು ಜಾಗದಲ್ಲಿ ತಿದ್ದಿದ ಮುಖ ಕಾಣಿಸಿಕೊಳ್ಳುತ್ತದೆ, ಉಳಿದೆಡೆ ಕೆಳಗಿನ ಫೋಟೋ ಹಾಗೇ ಇರುತ್ತದೆ.

ಇಲ್ಲಿ ಒಂದು ಪೇಚು ಬಂತು. ಹಣೆಯ ಕಡೆ ಹೊಸ ಮುಖ ಹಳೆಯದಕ್ಕಿಂತ ಅಗಲ, ಆದ್ದರಿಂದ ಹಳೆಯದನ್ನು ಮುಚ್ಚಿಬಿಡುತ್ತದೆ. ದವಡೆಯ ಕಡೆ ಹೊಸದು ಹಳೆಯದಕ್ಕಿಂತ ಕಿರಿದು. ಹಾಗಾಗಿ ಹೊಸ ಗಡ್ಡದ ಹಿಂದಿನಿಂದ ಹಳೆಯ ಗಡ್ಡ ಎರಡೂ ಕಡೆ ಇಣುಕುತ್ತಿತ್ತು. ಎರಡು ಗಡ್ಡದ ನಾನಾಜಾನ್! ದವಡೆಯ ಅಂಚಿಗೆ ಸರಿಯಾಗಿ ಬಳಿದು ನಿಲ್ಲಿಸಿದ್ದು ನನ್ನ ತಪ್ಪು. ಅಂಚು ದಾಟಿ ಆಚೆ ಒಂದೆರಡು ಬೆರಳಿನಷ್ಟು ಹಿನ್ನೆಲೆಯನ್ನೂ ಸೇರಿಸಿ ಬಳಿಯಬೇಕು. ಆಗ ಹಳೆಯ ಗಡ್ಡದ ಮೇಲೆ ಹೊಸ ಲೇಯರಿನ ನೆಲ ಬಂದು ಕೂರುತ್ತದೆ. ಅಲ್ಲಿದ್ದದ್ದು ಮಸುಕಾದ ಬಿಳಿ ನೆಲ ಮತ್ತು ದೂರದ ಜನ, ಸ್ವಲ್ಪ ಸರಿದರೂ ಯಾರಿಗೂ ತಿಳಿಯುವುದಿಲ್ಲ. ಹಿಂದೆ ಟೈಲ್ಸಿನ ಗೆರೆಗಳಿದ್ದರೆ ಅಥವಾ ಪುಸ್ತಕದ ಕಪಾಟಿದ್ದರೆ ಗೆರೆ ಮುರಿದು ಗುಟ್ಟು ರಟ್ಟಾಗುತ್ತದೆ. ಕತ್ತು ಮತ್ತು ಕಾಲರ್ ಸೇರುವ ಜಾಗದಲ್ಲಿ ಬ್ರಷ್ಷನ್ನು ದೊಡ್ಡದು ಮಾಡಿ, ತೆಳುವಾಗಿ ಬಳಿಯಬೇಕು. ಇಲ್ಲದಿದ್ದರೆ ಬೇರೆಯವರ ಕತ್ತಿನ ಮೇಲೆ ತಲೆ ಇಟ್ಟಂತಾಗುತ್ತದೆ.

ಅಳೆದಾಗ 1.2. ಲೆಕ್ಕ ಪಕ್ಕಾ. ಬೆಳಿಗ್ಗೆ ಫಜ್ರ್ ಆದ ಮೇಲೆ ಅಮ್ಮಿಗೆ ತೋರಿಸಿದೆ. ಅವರು ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, 'ಇದು ಅಬ್ಬಾ ಅಲ್ಲ, ಅಬ್ಬಾ ಅವರ ತಮ್ಮನಂತಿದೆ' ಎಂದರು. ನನಗೆ ಸಿಟ್ಟೇ ಬಂತು. ಸ್ಟುಡಿಯೋ ಫೋಟೋದ ಅನುಪಾತವೇ ಬಂದಿದೆ, ಮತ್ತೆ ಹೇಗೆ ಅಬ್ಬಾ ಅಲ್ಲ?

ಯೋಚಿಸಿದಾಗ ಅಮ್ಮಿಯ ಮಾತೇ ಸರಿ ಎನಿಸಿತು. ಮುಖ ಕಾಗದ ಅಲ್ಲವಲ್ಲ. ಅಗಲಗಳನ್ನು ತಿದ್ದಬಹುದು, ಆದರೆ ಕೆಳಗಿನಿಂದ ನೋಡಿದಾಗ ಮಾತ್ರ ಕಾಣುವ ಗಲ್ಲದ ಅಡಿಭಾಗ, ಮೂಗಿನ ಹೊಳ್ಳೆಗಳು ಫೋಟೋದಲ್ಲಿ ಹಾಗೇ ಉಳಿದಿವೆ. ಕೆಳಗಿನಿಂದ ಕಾಣದೆ ಹೋದ ಮೂಗಿನ ಸೇತುವೆ, ಹಣೆಯ ಮೇಲ್ಭಾಗ ಎಲ್ಲಿಂದಲೂ ವಾಪಸ್ ಬರುವುದಿಲ್ಲ. ಕ್ಯಾಮೆರಾ ನೋಡದೇ ಇದ್ದದ್ದನ್ನು ಎಳೆದು ತರಲಾಗದು. ನೋಡುವವರ ಕಣ್ಣು ಹೊಳ್ಳೆಗಳನ್ನು ಕಂಡ ಕೂಡಲೇ ಇದು ಕೆಳಗಿನಿಂದ ತೆಗೆದದ್ದು ಎಂದು ತಿಳಿದು, ಹಣೆ ಚಿಕ್ಕದಾಗಿಯೇ ಇರಬೇಕು ಎಂದು ನಿರೀಕ್ಷಿಸುತ್ತದೆ. ಅಲ್ಲಿ ಪೂರ್ತಿ ಅಗಲದ ಹಣೆ ಇಟ್ಟರೆ, ನಿಜಕ್ಕೂ ದೊಡ್ಡ ಹಣೆಯ ಬೇರೆ ಯಾರೋ ಎಂದುಕೊಳ್ಳುತ್ತದೆ. ಸ್ಟುಡಿಯೋ ಫೋಟೋದ 1.2 ನೇರ ನೋಟದ ಗುರಿ. ಕೆಳಗಿನ ನೋಟಕ್ಕೆ ಅದನ್ನೇ ಹಾಕಿದ್ದು ನನ್ನ ತಪ್ಪು.

ಆದ್ದರಿಂದ ಹಿಂದಕ್ಕೆ ಬಂದೆ. ಗಿಂಪಿನಲ್ಲಿ ಹಿಡಿಕೆಗಳನ್ನು ಕಡಿಮೆ ಎಳೆದು 1.16, 1.13, 1.10 ಎಂದು ಮೂರು ಪ್ರತಿಗಳನ್ನು ಮಾಡಿದೆ. ಯಾವುದು ಯಾವುದೆಂದು ಹೇಳದೆ ಅಮ್ಮಿಗೂ ಖಾಲಾಗೂ ಬೇರೆ ಬೇರೆಯಾಗಿ ತೋರಿಸಿದೆ. ಇಬ್ಬರೂ 1.13ನ್ನೇ ಆರಿಸಿದರು. 0.97ರಿಂದ 1.2ರವರೆಗಿನ ದಾರಿಯಲ್ಲಿ ಅದು ಮೂರರಲ್ಲಿ ಎರಡು ಪಾಲು. ಎಲ್ಲ ಮುಖಗಳಿಗೂ ಇದೇ ಅಂಕಿ ಎಂದು ನಾನು ಹೇಳುವುದಿಲ್ಲ. ಹೊಳ್ಳೆ ಹೆಚ್ಚು ಕಂಡಷ್ಟೂ ಮೊದಲೇ ನಿಲ್ಲಿಸಬೇಕು ಎಂಬುದನ್ನು ಮಾತ್ರ ಹೇಳಬಲ್ಲೆ. ಇನ್ನೊಂದು ಗುರುತು ಕನ್ನಡಕ. ಅದರ ಚೌಕಟ್ಟು ಮನೆಯಲ್ಲೇ ಇತ್ತು. ಫೋಟೋದಲ್ಲಿ ಗಾಜಿನ ಎತ್ತರ, ಅಗಲಕ್ಕೆ ಹೋಲಿಸಿದರೆ ನಿಜವಾದ ಕನ್ನಡಕಕ್ಕಿಂತ ಹೆಚ್ಚಾಗಿದೆ ಎಂದು ಕಂಡರೆ ಫೋಟೋವನ್ನು ಉದ್ದಕ್ಕೆ ಅತಿಯಾಗಿ ಎಳೆದಿದ್ದೇವೆ ಎಂದು ಅರ್ಥ.

ಒಂದು ಮಾತು ಸೇರಿಸಬೇಕು. ಪರೀಕ್ಷೆಯ ಅರ್ಜಿ, ಸ್ಕಾಲರ್‌ಶಿಪ್, ಪಾಸ್‌ಪೋರ್ಟ್ ಇವಕ್ಕೆ ಹೀಗೆ ತಿದ್ದಿದ ಸೆಲ್ಫಿ ಹಾಕಬಾರದು. ಅಲ್ಲಿ ಮುಖವನ್ನು ತಾಳೆ ನೋಡುತ್ತಾರೆ. ಗೋಡೆಯ ಮುಂದೆ ನಿಂತು, ಇನ್ನೊಬ್ಬರ ಕೈಗೆ ಮೊಬೈಲ್ ಕೊಟ್ಟು ಹೊಸದಾಗಿ ತೆಗೆಸಿಕೊಳ್ಳಲು ಎರಡು ನಿಮಿಷ ಸಾಕು. ತೆಗೆಯುವವರು ಎರಡು ಮೀಟರ್ ದೂರ ನಿಂತು, ಮೊಬೈಲನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ತಂದು, ಮುಖಕ್ಕೆ ಸಮಾನಾಂತರವಾಗಿ ನೆಟ್ಟಗೆ ಹಿಡಿಯಬೇಕು. ಮುಖ ಚಿಕ್ಕದಾಗಿ ಕಂಡರೆ ಹತ್ತಿರ ಬರಬಾರದು, ಝೂಮ್ ಮಾಡಬೇಕು ಅಥವಾ ಆಮೇಲೆ ಕ್ರಾಪ್ ಮಾಡಬೇಕು. ಗಲ್ಲ ಮತ್ತು ಹಣೆಯ ಅನುಪಾತವನ್ನು ನಿರ್ಧರಿಸುವುದು ಕ್ಯಾಮೆರಾ ನಿಂತ ಜಾಗ, ಝೂಮ್ ಅಲ್ಲ. ಒಬ್ಬರೇ ಇದ್ದು, ಹಿಂದಿನ ಎತ್ತರದ ಕಟ್ಟಡವೂ ಬೇಕೆಂದರೆ ಮೊಬೈಲನ್ನು ಎಲ್ಲಾದರೂ ಒರಗಿಸಿ ಟೈಮರ್ ಇಟ್ಟು ಹಿಂದೆ ಸರಿಯಿರಿ. ಮುಖ ಚಿಕ್ಕದಾಗಿ ಬರುತ್ತದೆ, ಅದೇ ಇದರ ಬೆಲೆ.

1.13ರ ಪ್ರತಿಯನ್ನು ಪೇಟೆಯಲ್ಲಿ ನಾಲ್ಕು ಇಂಚು ಅಗಲ, ಆರು ಇಂಚು ಉದ್ದದಲ್ಲಿ ಪ್ರಿಂಟ್ ಹಾಕಿಸಿ ನಾನಾಜಾನ್ ಅವರ ಕೈಗೆ ಕೊಟ್ಟೆ. ಅವರು ಗಲ್ಲ ಮೇಲೆತ್ತಿ, ಕನ್ನಡಕದ ಕೆಳಭಾಗದಿಂದ ಬಹಳ ಹೊತ್ತು ನೋಡಿದರು. ಮುಖದ ಬಗ್ಗೆ ಏನೂ ಹೇಳಲಿಲ್ಲ. ಗೋಪುರದ ಮೇಲೆ ಬೆರಳಿಟ್ಟು, 'ಗಡಿಯಾರದಲ್ಲಿ ಸಮಯ ಕಾಣುತ್ತಿಲ್ಲವಲ್ಲ, ಅದು ಅಸರ್‌ಗೆ ಸ್ವಲ್ಪ ಮುಂಚೆ' ಎಂದು ಹೇಳಿ, ಉಳಿದ ಫೋಟೋಗಳ ಜೊತೆ ಕವರಿನೊಳಗೆ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡರು.